ಸಾಲುವಾರು ತೆರಿಗೆಯೋ, ಒಟ್ಟು ಬಿಲ್ಲಿನ ಮೇಲೆ ತೆರಿಗೆಯೋ: ನಾಲ್ಕು ಪೈಸೆ ಎಲ್ಲಿಂದ ಬರುತ್ತದೆ?

ಎರಡೂ ರೀತಿಯಲ್ಲಿ ಬಿಲ್ ಹಾಕಿ ನೋಡಿದ ಮೇಲೆ ನನ್ನ ಒಲವು ಸಾಲುವಾರು ಲೆಕ್ಕದ ಕಡೆಗೇ. ಅದರಲ್ಲೂ ಒಂದು ತಲೆನೋವಿದೆ, ಅದನ್ನು ಮುಂದೆ ಹೇಳುತ್ತೇನೆ. ಮೊದಲು ವ್ಯತ್ಯಾಸ ಹುಟ್ಟುವ ಜಾಗ ನೋಡೋಣ.

ಹಾಸನದ ಸಗಟು ಅಂಗಡಿಯಿಂದ ಚಿಕ್ಕಮಗಳೂರಿನ ಅಂಗಡಿಗೆ ಹೋಗುವ ಬಿಲ್ ಒಂದನ್ನು ತೆಗೆದುಕೊಳ್ಳಿ. ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ ಮುಂತಾಗಿ ಆರು ಸಾಲು, ಎಲ್ಲಕ್ಕೂ ಶೇ. 5 ತೆರಿಗೆ. ತೆರಿಗೆ ಸೇರಿಸುವ ಮೊದಲಿನ ಮೊತ್ತಗಳು 345, 415, 260, 733, 187 ಮತ್ತು 529 ರೂಪಾಯಿ, ಒಟ್ಟು 2,469. ರಾಜ್ಯದೊಳಗಿನ ಮಾರಾಟವಾದ್ದರಿಂದ ಸಿಜಿಎಸ್‌ಟಿ ಶೇ. 2.5, ಎಸ್‌ಜಿಎಸ್‌ಟಿ ಶೇ. 2.5.

ಸಾಲುವಾರು ಹೋದರೆ ಸಿಜಿಎಸ್‌ಟಿ 8.63, 10.38, 6.50, 18.33, 4.68, 13.23. ಕೂಡಿದರೆ 61.75. ಒಟ್ಟು 2,469ರ ಮೇಲೆ ಒಂದೇ ಸಲ ಹಾಕಿದರೆ 61.725, ಅಂದರೆ 61.73. ಎಸ್‌ಜಿಎಸ್‌ಟಿಯಲ್ಲೂ ಅದೇ ಎರಡು ಪೈಸೆ. ಹಾಗಾಗಿ ಒಂದು ಬಿಲ್ 2,592.50 ಆಗುತ್ತದೆ, ಇನ್ನೊಂದು 2,592.46. ಹತ್ತಿರದ ರೂಪಾಯಿಗೆ ರೌಂಡ್ ಆಫ್ ಮಾಡಿದಾಗ ಮೊದಲನೆಯದು 2,593, ಎರಡನೆಯದು 2,592. ನಾಲ್ಕು ಪೈಸೆ ಹೀಗೆ ಒಂದು ರೂಪಾಯಿಯಾಗಿ ಬೆಳೆಯುತ್ತದೆ.

ಸಾಲು ಹೆಚ್ಚಾದರೆ ಹೆಚ್ಚು ಕಡಿಮೆ ಸರಿದೂಗುತ್ತದೆ ಎಂದು ಅನೇಕರು ನಂಬಿದ್ದಾರೆ. ಇಲ್ಲಿ ಸರಿದೂಗುವುದಿಲ್ಲ, ಅದಕ್ಕೆ ಕಾರಣವಿದೆ. ಒಂದು ರೂಪಾಯಿಗೆ ಶೇ. 2.5 ಅಂದರೆ ಎರಡೂವರೆ ಪೈಸೆ. ಮೊತ್ತ ಬೆಸ ರೂಪಾಯಿಯಾಗಿದ್ದರೆ ತೆರಿಗೆ ಸರಿಯಾಗಿ ಅರ್ಧ ಪೈಸೆಯಲ್ಲಿ ಮುಗಿಯುತ್ತದೆ, ಅರ್ಧ ಪೈಸೆಯನ್ನು ನಾವು ಯಾವಾಗಲೂ ಮೇಲಕ್ಕೇ ಏರಿಸುತ್ತೇವೆ. ಆದ್ದರಿಂದ ಪ್ರತಿ ಬೆಸ ಸಾಲೂ ಎರಡು ತೆರಿಗೆ ಸೇರಿ ಒಂದು ಪೈಸೆ ಹೆಚ್ಚಿಸುತ್ತದೆ. ಇದೇ ಸರಕು ಕೇರಳದ ಪಾಲಕ್ಕಾಡಿಗೆ ಹೋದರೆ ಐಜಿಎಸ್‌ಟಿ ಶೇ. 5, ಅಂದರೆ ರೂಪಾಯಿಗೆ ಪೂರ್ತಿ ಐದು ಪೈಸೆ. ಎರಡೂ ರೀತಿಯಲ್ಲಿ 123.45 ಬರುತ್ತದೆ. ಶೇ. 18ರ ಸರಕಿಗೂ ಅಷ್ಟೇ, ರೂಪಾಯಿಗೆ ಒಂಬತ್ತು ಪೈಸೆ. ರಿಯಾಯಿತಿ ಕಳೆದು ಮೊತ್ತದಲ್ಲಿ ಪೈಸೆ ಉಳಿದರೆ ಮಾತ್ರ ಈ ಲೆಕ್ಕ ಮುರಿಯುತ್ತದೆ. ಆಗ ವ್ಯತ್ಯಾಸ ಎತ್ತ ಬೇಕಾದರೂ ವಾಲಬಹುದು.

ಇವೆರಡರ ಮಧ್ಯೆ ಸಿಕ್ಕಿಬೀಳುವುದು ಎಕ್ಸೆಲ್‌ನಲ್ಲಿ ಬಿಲ್ ಮಾಡುವವರು. ಸೆಲ್ಲಿಗೆ ಎರಡು ದಶಮಾಂಶದ ಫಾರ್ಮ್ಯಾಟ್ ಕೊಟ್ಟರೆ ಕಾಣುವುದು 8.63, ಒಳಗಿರುವುದು 8.625. ಕೆಳಗಿನ ಮೊತ್ತ 61.73 ತೋರಿಸುತ್ತದೆ, ಬಿಲ್ ಪಡೆದವರು ಕಾಣುವ ಸಂಖ್ಯೆಗಳನ್ನು ಕ್ಯಾಲ್ಕುಲೇಟರ್‌ನಲ್ಲಿ ಕೂಡಿದರೆ 61.75. ತನ್ನ ಸಾಲುಗಳಿಗೇ ತಾಳೆಯಾಗದ ಬಿಲ್ ಇದು, ಮೂರರಲ್ಲಿ ಕೆಟ್ಟದ್ದು. ಸಾಲುವಾರು ಬೇಕಾದರೆ ಸೂತ್ರದಲ್ಲೇ ರೌಂಡ್ ಮಾಡಿ (ಮೊತ್ತಗಳು `D2`ರಿಂದ `D7`ವರೆಗೆ ಇವೆ ಎಂದುಕೊಳ್ಳಿ):

```
=ROUND(D2*2.5%,2)
```

ಒಟ್ಟಿನ ಮೇಲಾದರೆ ಸಾಲುಗಳಲ್ಲಿ ತೆರಿಗೆ ತೋರಿಸಲೇಬೇಡಿ, ಕೊನೆಗೆ ಒಂದೇ ಕಡೆ:

```
=ROUND(SUM(D2:D7)*2.5%,2)
```

ಸಾಲುವಾರು ನನಗೆ ಹಿಡಿಸಲು ಮುಖ್ಯ ಕಾರಣ ವಾಪಸು ಬರುವ ಸರಕು. 345ರ ಪುಡಿ ವಾಪಸಾದರೆ ಕ್ರೆಡಿಟ್ ನೋಟ್‌ನಲ್ಲಿ 8.63 ಬರೆದರೆ ಮುಗಿಯಿತು, ಮೂಲ ಬಿಲ್ಲಿನಲ್ಲಿ ಅದೇ ಸಂಖ್ಯೆ ಇದೆ. ಒಟ್ಟಿನ ಮೇಲೆ ಹಾಕಿದ ಬಿಲ್ಲಿನಲ್ಲಿ ಆ ಸಾಲಿಗೆಂದು ತೆರಿಗೆಯೇ ಇಲ್ಲ. ಆರೂ ಸಾಲು ಬೇರೆ ಬೇರೆ ದಿನ ವಾಪಸಾದರೆ ನೋಟ್‌ಗಳ ಸಿಜಿಎಸ್‌ಟಿ 61.75 ಆಗುತ್ತದೆ, ವಸೂಲಾದದ್ದು 61.73. ಇ-ಇನ್‌ವಾಯ್ಸ್ ಕೂಡ ಪ್ರತಿ ಸಾಲಿನ ತೆರಿಗೆಯನ್ನು ಪ್ರತ್ಯೇಕವಾಗಿ ಕೇಳುತ್ತದೆ.

ಇನ್ನು ಆ ತಲೆನೋವು. ಜಿಎಸ್‌ಟಿಆರ್-1ರ ಆಫ್‌ಲೈನ್ ಎಕ್ಸೆಲ್‌ನ `b2b,sez,de` ಹಾಳೆಯಲ್ಲಿ ದರ ಮತ್ತು ತೆರಿಗೆಗೆ ಒಳಪಡುವ ಮೊತ್ತಕ್ಕೆ ಕಾಲಂ ಇದೆ, ಸಿಜಿಎಸ್‌ಟಿ ಮೊತ್ತಕ್ಕೆ ಇಲ್ಲ. ಶೇ. 5ರ ಎದುರು 2,469 ತುಂಬಿದರೆ ತೆರಿಗೆ ಆ ಒಟ್ಟಿನ ಮೇಲೆಯೇ ಬರುತ್ತದೆ: 61.73. ಖಾತೆಯಲ್ಲಿ ಮಾತ್ರ 61.75 ಕೂತಿರುತ್ತದೆ. ಚಿಕ್ಕಮಗಳೂರಿನವರ ಜಿಎಸ್‌ಟಿಆರ್-2ಬಿಯಲ್ಲೂ 61.73 ಕಾಣುತ್ತದೆ, ಅವರ ಅಕೌಂಟೆಂಟ್ ಫೋನ್ ಮಾಡುತ್ತಾರೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಜೇಸನ್ ಫೈಲ್ ತೆಗೆದು ಅಪ್‌ಲೋಡ್ ಮಾಡಿದರೆ ಇದು ತಪ್ಪುತ್ತದೆ. ಅದರ `camt`, `samt` ಜಾಗಗಳಲ್ಲಿ ಬಿಲ್ಲಿನ ತೆರಿಗೆಯೇ ಹೋಗುತ್ತದೆ. ಅಪ್‌ಲೋಡ್‌ಗೆ ಮುಂಚೆ ಒಂದು ಬಿಲ್ಲನ್ನಾದರೂ ತಾಳೆ ನೋಡಿ.

ರೂಪಾಯಿಗೆ ಏರಿಸುವ 50 ಪೈಸೆಯನ್ನು ತೆರಿಗೆಗೆ ಸೇರಿಸಬೇಡಿ, ರೌಂಡ್ ಆಫ್ ಎಂಬ ಬೇರೆ ಸಾಲಿಗೆ ಹಾಕಿ.

ಕೈಯಲ್ಲಿ ಬಿಲ್ ಬರೆಯುವವರಿಗೆ, ಸರಕು ವಾಪಸು ಬರುವುದು ಅಪರೂಪವಾದರೆ, ರಿಟರ್ನ್ಸ್‌ಗೆ ಆ ಎಕ್ಸೆಲ್ ಹಾಳೆಯನ್ನೇ ತುಂಬುವುದಾದರೆ, ಒಟ್ಟಿನ ಮೇಲಿನ ಲೆಕ್ಕವೇ ಸಲೀಸು. ಆದರೆ ತಿಂಗಳ ನಡುವೆ ಪದ್ಧತಿ ಬದಲಿಸಬೇಡಿ: ಹಳೆಯ ಬಿಲ್ಲಿನ ಸರಕು ವಾಪಸು ಬಂದಾಗ ಅದಕ್ಕೆ ಯಾವ ಲೆಕ್ಕ ಹಾಕಿತ್ತೆಂದು ಬಿಲ್ ಪುಸ್ತಕ ಹುಡುಕಬೇಕಾಗುತ್ತದೆ.