ನಾಲ್ಕು ಗೋದಾಮು ಒಂದು ಮಾಡುವ ಮುಂಚೆ ಇದನ್ನು ಓದಿ: ವರ್ಗಮೂಲದ ಲೆಕ್ಕದಿಂದ ನಮ್ಮಲ್ಲಿ ಮೈಲುತುತ್ತ ಖಾಲಿಯಾದದ್ದು

ಗೊಬ್ಬರ, ಔಷಧಿ, ಪಂಪಿನ ಸಾಮಾನು ಹೀಗೆ ಕೃಷಿ ಸರಕಿನ ವ್ಯಾಪಾರ ಮಾಡುವವರು, ಅದರಲ್ಲೂ ಎರಡು ಮೂರು ಊರಲ್ಲಿ ಗೋದಾಮು ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಯಾರಾದರೂ ಬಂದು "ನಿಮ್ಮ ನಾಲ್ಕು ಗೋದಾಮು ಒಂದು ಮಾಡಿ, ಸ್ಟಾಕ್ ಅರ್ಧ ಸಾಕು" ಅಂದರೆ ಏನು ಕೇಳಬೇಕು ಅಂತ ನಿಮಗೆ ಗೊತ್ತಿರಬೇಕು.

ನಾನು ಕೆಲಸ ಮಾಡುವ ಸಂಸ್ಥೆಗೆ ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ ಹೀಗೆ ನಾಲ್ಕು ಕಡೆ ಗೋದಾಮು ಇತ್ತು. ಸ್ಟಾಕ್ ನೋಡಿಕೊಳ್ಳುವುದು ನನ್ನ ಕೆಲಸ. ಹೊರಗಿನಿಂದ ಬಂದ ಒಬ್ಬ ಸಲಹೆಗಾರರು ಎಲ್ಲವನ್ನೂ ಶಿರಸಿಗೆ ತಂದು ಒಂದೇ ಕಡೆ ಇಡಿ ಎಂದು ವರದಿ ಕೊಟ್ಟರು. ಅದಕ್ಕೆ ಆಧಾರ ಒಂದೇ ಸಾಲು. ಗೋದಾಮು 4, ನಾಲ್ಕರ ವರ್ಗಮೂಲ 2, ಹಾಗಾಗಿ ಬೇಡಿಕೆ ಅಂದಾಜು ಮೀರಿದರೆ ಇರಲಿ ಅಂತ ಹೆಚ್ಚಿಗೆ ಇಡುವ ಸೇಫ್ಟಿ ಸ್ಟಾಕ್ ಅರ್ಧಕ್ಕೆ ಇಳಿಸಬಹುದು. ಮಾಲಕರು ಒಪ್ಪಿದರು, ಮಳೆಗಾಲಕ್ಕೆ ಮುಂಚೆಯೇ ಮೂರು ಗೋದಾಮು ಖಾಲಿಯಾಯಿತು.

ಈ ಸೂತ್ರ ಸುಳ್ಳಲ್ಲ. ಇದರ ಹಿಂದಿನ ಯೋಚನೆ ಸರಳ. ಒಂದು ಊರಲ್ಲಿ ಈ ವಾರ ಬೇಡಿಕೆ ಜಾಸ್ತಿಯಾದರೆ ಇನ್ನೊಂದು ಊರಲ್ಲಿ ಕಮ್ಮಿ ಇರಬಹುದು. ಸರಕು ಒಂದೇ ಕಡೆ ಇದ್ದರೆ ಅಲ್ಲಿ ಉಳಿದದ್ದು ಇಲ್ಲಿಗೆ ಒದಗುತ್ತದೆ. ಏರು ಇಳಿತ ಒಂದನ್ನೊಂದು ಸರಿದೂಗಿಸುವುದರಿಂದ ಒಟ್ಟು ಏರಿಳಿತ ಗೋದಾಮುಗಳ ಸಂಖ್ಯೆಯಷ್ಟು ಬೆಳೆಯುವುದಿಲ್ಲ, ಅದರ ವರ್ಗಮೂಲದಷ್ಟು ಮಾತ್ರ ಬೆಳೆಯುತ್ತದೆ. ಡೇವಿಡ್ ಮೈಸ್ಟರ್ 1976ರಲ್ಲಿ ಇದನ್ನು ನಿಯಮದ ರೂಪದಲ್ಲಿ ಬರೆದರು. 1979ರಲ್ಲಿ ಗ್ಯಾರಿ ಎಪ್ಪೆನ್ ಇನ್ನೂ ಒಂದು ಮುಖ್ಯ ವಿಷಯ ತೋರಿಸಿದರು. ಉಳಿತಾಯ ಎಷ್ಟು ಅನ್ನುವುದು ಊರುಗಳ ಬೇಡಿಕೆ ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಪೂರ್ತಿ ಒಟ್ಟಿಗೇ ಏರಿಳಿದರೆ ಒಂದು ಮಾಡಿದ್ದರಿಂದ ಒಂದು ಚೀಲವೂ ಉಳಿಯುವುದಿಲ್ಲ. ನಮ್ಮ ವರದಿಯಲ್ಲಿ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ.

ಈಗ ಮೈಲುತುತ್ತದ ವಿಷಯಕ್ಕೆ ಬರುತ್ತೇನೆ. ಅಡಿಕೆ ತೋಟ ಇದ್ದವರಿಗೆ ಹೇಳಬೇಕಾಗಿಲ್ಲ. ಕೊಳೆ ರೋಗಕ್ಕೆ ಬೋರ್ಡೋ ಮದ್ದು ಹೊಡೆಯಬೇಕು. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮಳೆ ಹಿಡಿಯುವ ಮುಂಚೆ ಒಂದು ಸಲ, ಸುಮಾರು 40-45 ದಿನ ಬಿಟ್ಟು ಇನ್ನೊಂದು ಸಲ, ಮಳೆ ಬಿಡದಿದ್ದರೆ ಮೂರನೇ ಸಲ. ಮೊದಲನೆಯದು ಸುಲಭ. ಎರಡನೆಯದಕ್ಕೆ ಹೊಳವು ಬೇಕು. ಜುಲೈ ತಿಂಗಳಲ್ಲಿ ಮಳೆ ಹೊಡೆಯುತ್ತಲೇ ಇರುವಾಗ ಎಲ್ಲರೂ ಕಾಯುತ್ತಾರೆ. ಹೊಳವಾದ ದಿನ ಶಿರಸಿಯವರೂ ಹೊಡೆಯುತ್ತಾರೆ, ಸಿದ್ದಾಪುರದವರೂ ಹೊಡೆಯುತ್ತಾರೆ, ಘಟ್ಟದ ಕೆಳಗೆ ಕುಮಟಾ, ಹೊನ್ನಾವರದ ತೋಟದವರೂ ಅದೇ ಎರಡು ಮೂರು ದಿನದಲ್ಲೇ ಹೊಡೆಯುತ್ತಾರೆ. ನಾಲ್ಕೂ ಊರಿನ ಬೇಡಿಕೆಯನ್ನು ಕುಣಿಸುವುದು ಒಂದೇ ಮಳೆ. ಒಂದು ಊರಿನ ಏರು ಇನ್ನೊಂದು ಊರಿನ ಇಳಿತದಿಂದ ಸರಿಹೋಗುವುದು ಹೇಗೆ?

ಲೆಕ್ಕ ಹಿಡಿಯಲು ಸುಲಭವಾಗಲಿ ಅಂತ ಅಂಕೆಗಳನ್ನು ಸ್ವಲ್ಪ ಸರಿಮಾಡಿ ಕೊಡುತ್ತೇನೆ. ಸೀಸನ್ನಿನಲ್ಲಿ ಒಂದೊಂದು ಗೋದಾಮಿಗೆ ವಾರಕ್ಕೆ ಸರಾಸರಿ 100 ಚೀಲ ಬೇಡಿಕೆ. ಅಂದಾಜಿಗೂ ನಿಜವಾದ ಬೇಡಿಕೆಗೂ ಇರುವ ವ್ಯತ್ಯಾಸದ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಏರಿಳಿತದ ಅಳತೆ, 30 ಚೀಲ. ಆರ್ಡರ್ ಹಾಕಿದರೆ ಸರಕು ಬರುವುದಕ್ಕೆ ಒಂದು ವಾರ. 20 ವಾರದಲ್ಲಿ 19 ವಾರ ಕೊರತೆ ಆಗಬಾರದು ಅಂದರೆ 30ನ್ನು 1.65ರಿಂದ ಗುಣಿಸಬೇಕು. ಹತ್ತಿರ ಹತ್ತಿರ 50 ಚೀಲ ಸೇಫ್ಟಿ ಸ್ಟಾಕ್. ನಾಲ್ಕು ಕಡೆ ಸೇರಿ 200.

ಬೇಡಿಕೆಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಒಂದು ಮಾಡಿದಾಗಿನ ಏರಿಳಿತ, 30ರ ವರ್ಗ 900ನ್ನು ನಾಲ್ಕು ಸಲ ಕೂಡಿಸಿ ವರ್ಗಮೂಲ ತೆಗೆದರೆ, 60. ಸೇಫ್ಟಿ ಸ್ಟಾಕ್ 100 ಸಾಕು. ವರದಿಯ ಲೆಕ್ಕ ಇಷ್ಟೇ. ಆದರೆ ನಮ್ಮ ಹಳೆಯ ದಾಖಲೆ ತೆಗೆದು ನೋಡಿದರೆ ಊರು ಊರಿನ ಬೇಡಿಕೆ ಎಷ್ಟು ಒಟ್ಟಿಗೆ ಏರಿಳಿಯುತ್ತದೆ ಅನ್ನುವ ಅಳತೆ, ಅಂದರೆ ಕೋರಿಲೇಶನ್, 0.8ರ ಆಸುಪಾಸು ಇತ್ತು. ಆಗ ನಾಲ್ಕು 900ರ ಜೊತೆ ಜೋಡಿಗಳ ಪಾಲೂ ಸೇರುತ್ತದೆ. ನಾಲ್ಕು ಊರಿಗೆ ಆರು ಜೋಡಿ, ಪ್ರತಿಯೊಂದೂ ಎರಡು ಸಲ, ಒಂದೊಂದಕ್ಕೆ 0.8 × 900. ಒಟ್ಟು 12,240. ಅದರ ವರ್ಗಮೂಲ ಸುಮಾರು 110. ಅಂದರೆ 183 ಚೀಲ ಸೇಫ್ಟಿ ಸ್ಟಾಕ್ ಬೇಕಿತ್ತು. 200ರಲ್ಲಿ ನಿಜವಾಗಿ ಉಳಿಯುವುದು 17 ಚೀಲ ಮಾತ್ರ. ನಾವು ಇಟ್ಟದ್ದು 100. ಅಷ್ಟೇ ಇಟ್ಟರೆ 20 ವಾರಕ್ಕೆ ಒಂದು ಸಲ ಆಗಬೇಕಾದ ಕೊರತೆ ಐದಾರು ವಾರಕ್ಕೆ ಒಂದು ಸಲ ಆಗುತ್ತದೆ.

ಆದದ್ದೂ ಹಾಗೆಯೇ. ಜುಲೈನಲ್ಲಿ ದಿನಗಟ್ಟಲೆ ಮಳೆ ಹೊಡೆದು ಒಂದು ಹೊಳವು ಬಂತು. ಆ ವಾರ 400ರ ಜಾಗದಲ್ಲಿ 560 ಚೀಲ ಕೇಳಿದರು. ಶಿರಸಿಯಲ್ಲಿ ಇದ್ದದ್ದು 500. ಮೊದಲಿನ ಹಾಗೆ 200 ಸೇಫ್ಟಿ ಇದ್ದಿದ್ದರೆ ಎಲ್ಲರಿಗೂ ಕೊಟ್ಟು ಇನ್ನೂ ಉಳಿಯುತ್ತಿತ್ತು. ಕುಮಟಾ ಕಡೆಯ ಅಂಗಡಿಯವರೊಬ್ಬರು ಬೆಳಿಗ್ಗೆ ಫೋನ್ ಮಾಡಿದರು. "ಮಾರಾಯ್ರೇ, ಇಲ್ಲಿ ಜನ ಸುಣ್ಣ ನೀರಿಗೆ ಹಾಕಿ ಆಗಿದೆ. ಕೊನೆಗೌಡ ಬಂದು ಕೂತಿದ್ದಾನೆ. ತುತ್ತ ಇಲ್ಲ ಅಂತ ನಾನು ಯಾವ ಬಾಯಲ್ಲಿ ಹೇಳಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸಿಗುವುದೇ ಕಷ್ಟ. ಆ ದಿನ ತಪ್ಪಿದರೆ ಅವನು ಇನ್ನೊಬ್ಬರ ತೋಟಕ್ಕೆ ಹೋಗುತ್ತಾನೆ, ಅಷ್ಟರಲ್ಲಿ ಮಳೆ ಮತ್ತೆ ಹಿಡಿಯುತ್ತದೆ. ಕೊಳೆ ಒಂದು ಸಲ ಹತ್ತಿದ ಮೇಲೆ ಕಾಯಿ ಉದುರುವುದನ್ನು ನೋಡುತ್ತಾ ನಿಲ್ಲಬೇಕು. ನಮ್ಮ ಪುಸ್ತಕದಲ್ಲಿ ಅದು 60 ಚೀಲದ ಕೊರತೆ. ರೈತನಿಗೆ ಅದು ಒಂದು ವರ್ಷದ ಫಸಲು. ಈ ಮಾತು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಮುಂದಿನದು ಇನ್ನೂ ಕೆಟ್ಟದು. ಒಂದು ಸಲ ಸಿಗದೇ ಹೋದ ಮೇಲೆ ಅಂಗಡಿಯವರು 10 ಚೀಲ ಬೇಕಿದ್ದಲ್ಲಿ 20 ಬರೆಸಲು ಶುರುಮಾಡಿದರು. ಅವರ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಆಮೇಲೆ ಆರ್ಡರ್ ಪುಸ್ತಕ ನೋಡಿ ಬೇಡಿಕೆ ಅಂದಾಜು ಮಾಡುವ ಹಾಗೇ ಇರಲಿಲ್ಲ. ಮಾರಾಟದ ಪುಸ್ತಕ ನೋಡಿದರೆ ಅದಕ್ಕೆ ಉಲ್ಟಾ. ಖಾಲಿಯಾದ ವಾರದಲ್ಲಿ ಮಾರಿದ್ದು 500 ಅಂತ ಇರುತ್ತದೆ, ಕೇಳಿದ್ದು 560 ಅಂತ ಎಲ್ಲೂ ಇರುವುದಿಲ್ಲ. ಅದಕ್ಕೇ ಕೇಳಿ ಸಿಗದೇ ಹೋದದ್ದನ್ನು ಬೇರೆಯೇ ಬರೆದಿಡಿ.

ನಿಮ್ಮ ಸರಕಿಗೆ ಈ ಸೂತ್ರ ಹೊಂದುತ್ತದೋ ಇಲ್ಲವೋ ನೋಡುವುದು ಕಷ್ಟವೇನಲ್ಲ. ಮೂರು ನಾಲ್ಕು ವರ್ಷದ ಸೀಸನ್ ವಾರಗಳನ್ನು ಎಕ್ಸೆಲ್‌ನಲ್ಲಿ ಹಾಕಿ, ಒಂದೊಂದು ಗೋದಾಮಿಗೆ ಒಂದೊಂದು ಕಾಲಂ, B ಇಂದ E ವರೆಗೆ. ನೇರ ಬೇಡಿಕೆ ಹಾಕಬೇಡಿ, ಆ ವಾರಕ್ಕೆ ಇದ್ದ ಅಂದಾಜನ್ನು ಅದರಿಂದ ಕಳೆದು ಉಳಿದದ್ದನ್ನು ಹಾಕಿ. ಇದು ಮುಖ್ಯ. ಬೇಸಿಗೆಯಲ್ಲಿ ಎಲ್ಲಾ ಊರಲ್ಲೂ ಬೇಡಿಕೆ ಇರುವುದಿಲ್ಲ, ಮಳೆಗಾಲದಲ್ಲಿ ಎಲ್ಲಾ ಊರಲ್ಲೂ ಇರುತ್ತದೆ. ಇದು ಮೊದಲೇ ಗೊತ್ತಿರುವ ವಿಷಯ, ಇದಕ್ಕೆ ಸೇಫ್ಟಿ ಸ್ಟಾಕ್ ಬೇಕಾಗಿಲ್ಲ. ಅದನ್ನು ಕಳೆಯದಿದ್ದರೆ ಯಾವ ಸರಕು ನೋಡಿದರೂ ಕೋರಿಲೇಶನ್ ಜಾಸ್ತಿಯೇ ಕಾಣುತ್ತದೆ. ಆಮೇಲೆ ನಾಲ್ಕು ಕಾಲಂ ಕೂಡಿಸಿ F ನಲ್ಲಿ ಐದನೆಯದು ಮಾಡಿ, ಈ ಎರಡು ಅಂಕೆ ತೆಗೆಯಿರಿ:

```
=STDEV.S(F2:F65)
=SQRT(SUMSQ(STDEV.S(B2:B65),STDEV.S(C2:C65),STDEV.S(D2:D65),STDEV.S(E2:E65)))
```

ಮೊದಲನೆಯದು ಒಟ್ಟು ಬೇಡಿಕೆಯ ನಿಜವಾದ ಏರಿಳಿತ. ಎರಡನೆಯದು ಊರುಗಳಿಗೆ ಸಂಬಂಧವೇ ಇಲ್ಲದಿದ್ದರೆ ಇರಬೇಕಾದದ್ದು. ಎರಡೂ ಹತ್ತಿರ ಇದ್ದರೆ ಸೂತ್ರ ನಡೆಯುತ್ತದೆ. ನಮ್ಮ ಮೈಲುತುತ್ತಕ್ಕೆ ಮೊದಲನೆಯದು 110, ಎರಡನೆಯದು 60. ನಾಲ್ಕು ಊರಿನದ್ದನ್ನು ಸುಮ್ನೆ ಕೂಡಿಸಿದರೆ 120. 110 ಯಾವುದಕ್ಕೆ ಹತ್ತಿರ ಇದೆ ನೋಡಿ.

ಗೋದಾಮುಗಳು ಒಂದೇ ಅಳತೆಯವಲ್ಲ ಅಂದರೂ ಸೂತ್ರ ಕೈಕೊಡುತ್ತದೆ. ಒಂದು ಊರಿನ ಏರಿಳಿತ 90, ಉಳಿದ ಮೂರರದ್ದು 10-10 ಇದ್ದರೆ, ಸಂಬಂಧವೇ ಇಲ್ಲದಿದ್ದರೂ 120 ಇಳಿಯುವುದು 92ಕ್ಕೆ, 60ಕ್ಕಲ್ಲ. ಇನ್ನೊಂದು, ಅರ್ಧ ಆಗುವುದು ಸೇಫ್ಟಿ ಸ್ಟಾಕ್ ಮಾತ್ರ. ವಾರ ವಾರ ಬಂದು ಖರ್ಚಾಗುವ 400 ಚೀಲ ಎಲ್ಲಿಟ್ಟರೂ 400ಏ. "ಒಟ್ಟು ಸ್ಟಾಕ್ ಅರ್ಧ" ಅಂತ ಯಾರಾದರೂ ಬರೆದುಕೊಟ್ಟರೆ ಅಲ್ಲೇ ನಿಲ್ಲಿಸಿ ಕೇಳಿ.

ನಮ್ಮ ಜಿಲ್ಲೆಗೆ ಇನ್ನೊಂದು ಅಪಾಯ ಇದೆ, ಅದು ಈ ಸೂತ್ರದಲ್ಲಿ ಎಲ್ಲೂ ಇಲ್ಲ. ಸರಕೆಲ್ಲ ಶಿರಸಿಯಲ್ಲಿದ್ದರೆ ಕುಮಟಾಕ್ಕೆ ಇಳಿಯಬೇಕಾದ್ದು ದೇವಿಮನೆ ಘಟ್ಟದಲ್ಲಿ. ಮೈಲುತುತ್ತ ಬೇಕಾಗುವುದೂ ಮಣ್ಣು ಕುಸಿಯುವುದೂ ಒಂದೇ ಮಳೆಯಲ್ಲಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಗಿತ್ತು. ಜೀವ ಹೋದ ದುರಂತ ಅದು, ಅದರ ಮುಂದೆ ಸರಕಿನ ಮಾತು ಸಣ್ಣದು. ಆದರೂ ಗೋದಾಮು ಎಲ್ಲಿರಬೇಕು ಅಂತ ನಿರ್ಧರಿಸುವವರು ಆ ದಿನವನ್ನು ಮರೆತು ಲೆಕ್ಕ ಹಾಕಬಾರದು.

ಹಾಗಂತ ಎಲ್ಲವನ್ನೂ ನಾಲ್ಕು ಕಡೆ ಹಂಚಿಡಿ ಅಂತಲೂ ನಾನು ಹೇಳುತ್ತಿಲ್ಲ. ಸ್ಪ್ರೇ ಪಂಪಿನ ಬಿಡಿಭಾಗಗಳಿಗೆ ಇದೇ ಸೂತ್ರ ಚೆನ್ನಾಗಿ ಹೊಂದಿತು. ಸಿದ್ದಾಪುರದಲ್ಲಿ ಒಬ್ಬರ ಪಂಪ್ ಕೆಟ್ಟದ್ದಕ್ಕೂ ಹೊನ್ನಾವರದಲ್ಲಿ ಇನ್ನೊಬ್ಬರದ್ದು ಕೆಡುವುದಕ್ಕೂ ಸಂಬಂಧ ಇಲ್ಲ. ಸೀಸನ್ನಿನಲ್ಲಿ ರಿಪೇರಿ ಜಾಸ್ತಿ ನಿಜ, ಆದರೆ ಆ ಅಂದಾಜು ಕಳೆದ ಮೇಲೆ ಉಳಿದ ಏರಿಳಿತ ಊರೂರಿಗೆ ಬೇರೆ ಬೇರೆ. ಅಪರೂಪಕ್ಕೆ ಕೇಳುವ ಒಂದೊಂದು ಭಾಗವನ್ನು ನಾಲ್ಕೂ ಕಡೆ ನಾಲ್ಕು ನಾಲ್ಕು ಹೆಚ್ಚಿಗೆ ಇಡುತ್ತಿದ್ದೆವು. ಈಗ ಶಿರಸಿಯಲ್ಲಿ 8 ಇರುತ್ತವೆ, ಅದರಿಂದ ತೊಂದರೆಯಾಗಿಲ್ಲ.

ಮೈಲುತುತ್ತ ಮಾತ್ರ ಈಗ ಮೇ ಮುಗಿಯುವುದರೊಳಗೆ ಘಟ್ಟ ಇಳಿದಿರುತ್ತದೆ. ಕುಮಟಾದಲ್ಲಿ ಮತ್ತೆ ಬಾಡಿಗೆಗೆ ಜಾಗ ಹಿಡಿಯಬೇಕಾಯಿತು, ಬಾಡಿಗೆಯೂ ಮೊದಲಿಗಿಂತ ಜಾಸ್ತಿ. ನಿಮ್ಮ ಗೋದಾಮಿನ ಕರಾರು ಬಿಡುವ ಮುಂಚೆ ಸಲಹೆಗಾರರ ಹತ್ತಿರ ಆ ಐದನೇ ಕಾಲಂ ಕೇಳಿ, ಒಂದೊಂದು ಸರಕಿಗೂ ಬೇರೆ ಬೇರೆ. ಅದು ಅವರ ಹತ್ತಿರ ಇಲ್ಲದಿದ್ದರೆ ಬೀಗದ ಕೈ ಕೊಡಬೇಡಿ.