ಬಿಳಿ ಕೂಲ್ ರೂಫ್ ಪೇಂಟ್: ಮೊದಲ ಬೇಸಿಗೆಯ ಖುಷಿ, ಆಮೇಲಿನ ಧೂಳು

ಎಷ್ಟು ಚದರ ಅಡಿಗೆ ಎಷ್ಟು ಲೀಟರ್ ಬೇಕು, ಎಷ್ಟು ಹೊತ್ತಿಗೆ ಒಣಗುತ್ತದೆ ಅನ್ನುವುದೆಲ್ಲ ಡಬ್ಬದ ಮೇಲೇ ಇರುತ್ತದೆ, ಅದನ್ನು ಬಿಡೋಣ. ಬಳಿದು ಒಂದೆರಡು ಬೇಸಿಗೆ ಕಳೆದ ಮೇಲೆ, ಮಟಮಟ ಮಧ್ಯಾಹ್ನ ಆ ತಾರಸಿ ಎಷ್ಟು ಕಾಯುತ್ತದೆ ಅನ್ನುವುದು ಮಾತ್ರ ಡಬ್ಬದ ಮೇಲೆ ಇರುವುದಿಲ್ಲ. ನಾನು ಬರೆಯಲು ಕೂತಿದ್ದು ಅದಕ್ಕೇ.

ನಮ್ಮದು ಸಪಾಟಾದ ಕಾಂಕ್ರೀಟ್ ತಾರಸಿ. ನೀರು ಸೋರಬಾರದು ಅಂತ ಅದರ ಮೇಲೆ ಮೊದಲೇ ಕಪ್ಪು ಡಾಂಬರು ಶೀಟ್ ಹಾಸಿತ್ತು. ಬಜೆಟ್ ಬಿಗಿ ಇದ್ದದ್ದರಿಂದ ಮಲಗುವ ಕೋಣೆಗಳ ಮೇಲಿನ ಭಾಗಕ್ಕೆ ಮಾತ್ರ ಪೇಂಟ್ ತಂದೆ. ಮೆಟ್ಟಿಲ ಕಡೆಯ ಭಾಗ ಕಪ್ಪಾಗಿಯೇ ಉಳಿಯಿತು. ಡಾಂಬರಿನ ಎಣ್ಣೆ ಮೇಲಕ್ಕೆ ಬಂದು ಬಿಳಿಯನ್ನು ಕಂದು ಮಾಡುತ್ತದೆ, ಅದನ್ನು ತಡೆಯುವ ಪ್ರೈಮರ್ ಒಂದು ಕೋಟ್, ಮೇಲೆ ಬಿಳಿ ಎರಡು ಕೋಟ್. ಹೀಗಾಗಿ ಕೆಳಗಿನ ಕಾಂಕ್ರೀಟ್ ಒಂದೇ, ಶೀಟ್ ಒಂದೇ, ಬಿಸಿಲೂ ಗಾಳಿಯೂ ಒಂದೇ. ಬೇರೆ ಇರುವುದು ಮೇಲಿನ ಬಣ್ಣ ಮಾತ್ರ. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಮೊದಲ ಬೇಸಿಗೆ ನನಗೆ ಅದೇ ಆಟವಾಯಿತು. ಮೋಡವಿಲ್ಲದ ದಿನ ಒಂದು ಗಂಟೆ ಹೊತ್ತಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಮೇಲೆ ಹೋಗುತ್ತಿದ್ದೆ. ನನ್ನ ನೆರಳು ಬೀಳದ ಕಡೆ ನಿಂತು, ಗನ್ನನ್ನು ನೆಲಕ್ಕೆ ನೇರವಾಗಿ ಹಿಡಿದು ಕಪ್ಪಿನ ಮೇಲೆ ಒಂದು ರೀಡಿಂಗ್, ತಕ್ಷಣ ಬಿಳಿಯ ಮೇಲೆ ಇನ್ನೊಂದು. ದೂರ ನಿಂತು ತೋರಿಸಿದರೆ ಆಗುವುದಿಲ್ಲ. ಕೆಂಪು ಚುಕ್ಕೆ ಗುರಿಗಷ್ಟೇ, ಗನ್ ಅಳೆಯುವುದು ಅದರ ಸುತ್ತಲಿನ ದೊಡ್ಡ ವೃತ್ತವನ್ನು. 12ಕ್ಕೆ 1 ಅಂತ ಬರೆದಿರುವ ಗನ್‌ನಲ್ಲಿ 12 ಅಡಿ ದೂರದಿಂದ ಒಂದು ಅಡಿ ಅಗಲದ ಜಾಗದ ಸರಾಸರಿ ಬರುತ್ತದೆ.

ಗಾಳಿ 36 ಡಿಗ್ರಿ ಇದ್ದ ಒಂದು ದಿನ ಕಪ್ಪು 71 ತೋರಿಸಿತು, ಬಿಳಿ 43. ಒಂದು ಹೆಜ್ಜೆಯ ಅಂತರದಲ್ಲಿ 28 ಡಿಗ್ರಿ! ಬಿಳಿಯ ಮೇಲೆ ಬರಿಗಾಲಲ್ಲಿ ನಿಂತು ಬಟ್ಟೆ ಒಣಹಾಕಬಹುದಿತ್ತು. ಕಪ್ಪಿನ ಮೇಲೆ ಕಾಲಿಟ್ಟರೆ ಹಾಗೇ ಹಾರಿ ವಾಪಸ್. ಬಿಳಿಯಲ್ಲಿ ಇದ್ದ ತೊಂದರೆ ಒಂದೇ, ಕಣ್ಣು ಕೋರೈಸುವುದು. ಕೂಲಿಂಗ್ ಗ್ಲಾಸ್ ಇಲ್ಲದೆ ನಡುಮಧ್ಯಾಹ್ನ ಮೇಲೆ ಹೋಗುವ ಹಾಗಿರಲಿಲ್ಲ.

ಲೆಕ್ಕ ಹಾಕಿ ನೋಡಿದರೂ ಇದೇ ಬರುತ್ತದೆ. ನೆತ್ತಿಯ ಮೇಲಿನ ಬಿಸಿಲು ಒಂದು ಚದರ ಮೀಟರ್‌ಗೆ ಸುಮಾರು 1000 ವ್ಯಾಟ್. ಕಪ್ಪು ಅದರಲ್ಲಿ 900ರಷ್ಟು ಹೀರುತ್ತದೆ, ಹೊಸ ಬಿಳಿ ಸುಮಾರು 200. ತಾರಸಿ ಗಾಳಿಗಿಂತ ಬಿಸಿಯಾದಂತೆ ಆ ಬಿಸಿಯನ್ನು ಗಾಳಿಗೆ, ಆಕಾಶಕ್ಕೆ, ಒಂದಿಷ್ಟು ಕೆಳಗಿನ ಕಾಂಕ್ರೀಟ್‌ಗೆ ಬಿಡುತ್ತದೆ. ಸಣ್ಣ ಗಾಳಿ ಇದ್ದರೆ ಪ್ರತಿ ಡಿಗ್ರಿಗೆ ಸುಮಾರು 25 ವ್ಯಾಟ್ ಅಂತ ಹಿಡಿಯಿರಿ. 900ನ್ನು 25ರಿಂದ ಭಾಗಿಸಿದರೆ 36. ಅಂದರೆ ಕಪ್ಪು ಗಾಳಿಗಿಂತ 36 ಡಿಗ್ರಿ ಮೇಲೆ. ಬಿಳಿ 8 ಡಿಗ್ರಿ ಮೇಲೆ. ಗನ್ ತೋರಿಸಿದ್ದೂ ಹೆಚ್ಚುಕಡಿಮೆ ಅಷ್ಟೇ. ಗಾಳಿ ಜೋರಾಗಿ ಬೀಸಿದ ದಿನ ಈ ಅಂತರ ಕಡಿಮೆಯಾಗುತ್ತದೆ, ಗಾಳಿಯೇ ಇಲ್ಲದ ದಿನ ಜಾಸ್ತಿ.

ಇಲ್ಲಿಗೆ ನಿಲ್ಲಿಸಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ.

ಮುಂದಿನ ಬೇಸಿಗೆಯಲ್ಲಿ ಅಂಥದ್ದೇ ಬಿಸಿಲು, ಅಷ್ಟೇ ಗಾಳಿ. ಕಪ್ಪು ಮತ್ತೆ 71ರ ಆಸುಪಾಸು. ಬಿಳಿ ಮಾತ್ರ 52! ಗನ್ ಬ್ಯಾಟರಿ ಹೋಯಿತಾ ಅಂತ ಬದಲಾಯಿಸಿ ನೋಡಿದೆ, ಅದೇ. ತಾರಸಿ ನೋಡಿದರೆ ಬೆಳ್ಳಗೇ ಇತ್ತು, ಸ್ವಲ್ಪ ಮಾಸಿದೆ ಅನ್ನಬಹುದಿತ್ತು ಅಷ್ಟೇ. ಒದ್ದೆ ಬಟ್ಟೆ ತಂದು ಅಂಗೈಯಗಲ ಜಾಗ ಉಜ್ಜಿದೆ. ಬಟ್ಟೆ ಕೆಸರಿನ ಬಣ್ಣಕ್ಕೆ ತಿರುಗಿತು. ಒದ್ದೆ ಜಾಗ ನೀರು ಆರುವಾಗಲೇ ತಣ್ಣಗಾಗುವುದರಿಂದ ಪೂರ್ತಿ ಒಣಗಿ ಮತ್ತೆ ಬಿಸಿಲು ಕಾಯಲಿ ಅಂತ ಕಾದು ಅಳೆದೆ. ಉಜ್ಜಿದ ಜಾಗ 46, ಅದರ ಸುತ್ತ 52.

ಇದರ ಗುಟ್ಟು ಶೇಕಡಾ ಲೆಕ್ಕದಲ್ಲಿದೆ. ಹೊಸ ಬಿಳಿ ಬಿಸಿಲಿನ 80ರಷ್ಟನ್ನು ವಾಪಸ್ ಕಳಿಸುತ್ತದೆ. ಧೂಳು ಕೂತ ಮೇಲೆ ಅದು 60ಕ್ಕೆ ಇಳಿಯುವುದು ಮಾಮೂಲು. 80 ಹೋಗಿ 60, ಅಷ್ಟೇನಾ ಅನ್ನಿಸುತ್ತದೆ. ಆದರೆ ತಾರಸಿಯನ್ನು ಕಾಯಿಸುವುದು ಒಳಗೆ ಉಳಿದ ಪಾಲು, ಅದು 20 ಇದ್ದದ್ದು 40 ಆಯಿತು, ದುಪ್ಪಟ್ಟು! 400ನ್ನು 25ರಿಂದ ಭಾಗಿಸಿ: ಗಾಳಿಗಿಂತ 16 ಡಿಗ್ರಿ ಮೇಲೆ. ಗನ್ ತೋರಿಸಿದ 52 ಸರಿಯಾಗಿಯೇ ಇತ್ತು. ಕಣ್ಣು ಇದಕ್ಕೆ ಸಾಕ್ಷಿ ಹೇಳುವುದಿಲ್ಲ, ಯಾಕೆಂದರೆ ಬಿಸಿಲಿನ ಶಾಖದ ಅರ್ಧದಷ್ಟು ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ನಲ್ಲೇ ಇದೆ.

ಡಬ್ಬದ ಮೇಲಿನ ಅಂಕಿ ಹೊಸ ಪೇಂಟ್‌ನದ್ದು. ಧೂಳು ಕೂತ ಮೇಲೆ ಏನಾಗುತ್ತದೆ ಅಂತ ಮಾರುವವರು ಒಂದು ಮಾತೂ ಹೇಳಲಿಲ್ಲ. ನನ್ನ ಸಿಟ್ಟು ಇರುವುದು ಅದರ ಮೇಲೆ, ಪೇಂಟ್ ಮೇಲಲ್ಲ.

ಈಗ ಬೇಸಿಗೆ ಶುರುವಾಗುವ ಮುಂಚೆ ತಾರಸಿ ತೊಳೆಯುವುದು ನನ್ನ ಕೆಲಸ. ಬೆಳಗ್ಗೆ ಬೇಗ, ತಂಪು ಹೊತ್ತಲ್ಲಿ. ಮೊದಲು ಒಣಕಸ ಗುಡಿಸಿ, ಬಕೆಟ್ ನೀರಿಗೆ ಸ್ವಲ್ಪ ಸೋಪಿನ ಪುಡಿ ಹಾಕಿ ಮೆತ್ತಗಿನ ಬ್ರಷ್‌ನಿಂದ ಉಜ್ಜುತ್ತೇನೆ. ತಂತಿ ಬ್ರಷ್ ಹಾಕಿದರೆ ಪೇಂಟೇ ಎದ್ದು ಬರುತ್ತದೆ. ನೀರು ಕೆಳಗೆ ಹೋಗುವ ಪೈಪಿನ ಬಾಯಿಯ ಹತ್ತಿರ ಮಳೆನೀರು ನಿಂತು ಪಾಚಿ ಕಟ್ಟಿ ಕಪ್ಪಾಗಿದೆ. ಅಲ್ಲಿ ಎಷ್ಟು ಉಜ್ಜಿದರೂ 50ಕ್ಕಿಂತ ಕೆಳಗೆ ಬರುವುದಿಲ್ಲ. ಅಲ್ಲಿಗೆ ಮೊದಲು ನೀರಿನ ಇಳಿಜಾರು ಸರಿ ಮಾಡಿ, ಆಮೇಲೆ ಇನ್ನೊಂದು ಕೋಟ್ ಹೊಡೆಯಬೇಕು. ಉಳಿದ ಕಡೆಯೆಲ್ಲ 45, 46.

ನೀವೂ ಅಳೆಯುವವರಿದ್ದರೆ ಒಂದು ಎಚ್ಚರಿಕೆ. ಬಿಳಿ ಪೇಂಟ್, ಕಪ್ಪು ಶೀಟ್ ಎರಡೂ ತಮ್ಮ ಶಾಖವನ್ನು ಒಂದೇ ರೀತಿ ಹೊರಸೂಸುವುದರಿಂದ ಗನ್ ಹೋಲಿಕೆ ನಂಬಬಹುದು. ಹೊಳೆಯುವ ಬರಿ ತಗಡಿನ ಮೇಲೆ ನಂಬಬೇಡಿ. ನಮ್ಮ ತಾರಸಿ ಮೂಲೆಯ ತಗಡಿನ ಮುಚ್ಚಳ ಕೈ ಸುಡುತ್ತಿತ್ತು, ಗನ್ ಮಾತ್ರ 38 ಅನ್ನುತ್ತಿತ್ತು. ಅದರ ಮೇಲೆ ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಸ್ವಲ್ಪ ಹೊತ್ತು ಬಿಟ್ಟು ಅಳೆದರೆ 63. ಟೇಪೂ ಬಿಸಿಲು ಹೀರುವುದರಿಂದ ಅದೂ ಒಂದಿಷ್ಟು ಜಾಸ್ತಿಯೇ ತೋರಿಸಿರಬಹುದು, ಆದರೆ ಬರಿ ತಗಡಿನ 38ಕ್ಕಿಂತ ನಿಜಕ್ಕೆ ಹತ್ತಿರ.

ಇನ್ನು ಕೆಳಗಿನ ಕೋಣೆ. ಮೇಲಿನ 28 ಡಿಗ್ರಿ ಅಂತರ ಹಾಗೇ ಒಳಗೆ ಇಳಿಯುತ್ತದೆ ಅಂದುಕೊಳ್ಳಬೇಡಿ. ಗೋಡೆ, ಕಿಟಕಿಗಳಿಂದ ಬರುವ ಬಿಸಿಗೆ ಪೇಂಟ್ ಏನೂ ಮಾಡುವುದಿಲ್ಲ. ನಮ್ಮಲ್ಲಿ ಒಳಗಿನ ಗಾಳಿಯಲ್ಲಿ ಗೊತ್ತಾಗುವುದು ಮೂರ್ನಾಲ್ಕು ಡಿಗ್ರಿ. ಆದರೆ ಸಂಜೆ ಚಾವಣಿಯಿಂದ ತಲೆಯ ಮೇಲೆ ಇಳಿಯುತ್ತಿದ್ದ ಆ ಕಾವು ಹೋಗಿದೆ, ನನಗೆ ಅದೇ ದೊಡ್ಡದು. ಬೆಳಗಿನ ಜಾವಕ್ಕೆ ಕಪ್ಪೂ ಬಿಳಿಯೂ ಒಂದೇ ಆಗಿರುತ್ತವೆ.

ಮೇಲಿನ ಮಹಡಿಯಲ್ಲಿ ಮಲಗುವವರು, ವರ್ಷಕ್ಕೊಮ್ಮೆ ಬ್ರಷ್ ಹಿಡಿಯಲು ಬೇಸರ ಇಲ್ಲದವರು ಧಾರಾಳವಾಗಿ ತೆಗೆದುಕೊಳ್ಳಿ. ಮೇಲೆ ಹತ್ತಲಾಗದ ಇಳಿಜಾರು ಚಾವಣಿ ಇದ್ದವರು 43ನ್ನು ಮರೆತು 52ನ್ನು ನಂಬಿ ಲೆಕ್ಕ ಹಾಕಿ. ಅಷ್ಟಾದರೂ ಕಪ್ಪಿಗಿಂತ 19 ಡಿಗ್ರಿ ಕಡಿಮೆ. ನನ್ನಿಂದ ಐದಕ್ಕೆ ನಾಲ್ಕು. ಮೆಟ್ಟಿಲ ಕಡೆಯ ಕಪ್ಪು ಭಾಗಕ್ಕೂ ಈ ಸಲ ಇದನ್ನೇ ಹೊಡೆಸುತ್ತಿದ್ದೇನೆ. ಹೋಲಿಸಿ ನೋಡಲು ಚಾಪೆಯಷ್ಟು ಜಾಗ ಮಾತ್ರ ಕಪ್ಪಾಗಿಯೇ ಬಿಡುತ್ತೇನೆ.