ತುಮಕೂರಲ್ಲಿ ಎಸಿ ಜಿಮ್ಮಾ, ಶೀಟ್ ಜಿಮ್ಮಾ? 3 ತಿಂಗಳಾದ್ಮೇಲೆ ನನ್ನ ಲೆಕ್ಕ

ಮೂರು ತಿಂಗಳ ಹಿಂದೆ ಬಿ.ಎಚ್. ರೋಡ್ ಕಡೆ ಇರೋ ಒಂದು ದೊಡ್ಡ ಎಸಿ ಜಿಮ್ಮಿಗೆ ವರ್ಷಕ್ಕೆ ಅಂತ 12,000 ಕಟ್ಟಿದೆ, ತಿಂಗಳಿಗಾದ್ರೆ 2,500, ವರ್ಷಕ್ಕಾದ್ರೆ ಸಾವಿರ ಬೀಳುತ್ತೆ ಸಾರ್ ಅಂದ್ರು, ಬಿದ್ದೋದೆ. ನಾಲ್ಕನೇ ವಾರಕ್ಕೆ ಅಲ್ಲಿನ ರಶ್ ತಡೆಯೋಕಾಗ್ದೆ ನಮ್ಮನೆ ಹತ್ರ ಎಸ್.ಎಸ್. ಪುರಂನಲ್ಲಿ ಶೀಟ್ ಹೊದಿಸಿರೋ ಹಳೇ ಜಿಮ್ಮಿಗೂ ತಿಂಗಳಿಗೆ 800 ಕೊಟ್ಟು ಸೇರ್ಕೊಂಡೆ. ಎರಡು ಜಿಮ್ಮಿಗೆ ದುಡ್ಡು ಕಟ್ಟಿ ಹೊಟ್ಟೆ ಮಾತ್ರ ಒಂದೇ ಇಟ್ಕೊಂಡಿದೀರಲ್ಲ ಅಂತ ಹೆಂಡ್ತಿ ನಗ್ತಾಳೆ, ಇರ್ಲಿ.

ಸಾಮಾನು ನೋಡಿದ್ರೆ ಎಸಿ ಜಿಮ್ಮೇ ಮೇಲು, ಅದ್ರಲ್ಲಿ ಮಾತಿಲ್ಲ. ಡಂಬಲ್ ಎರಡೂವರೆ ಕೆಜಿಯಿಂದ 35ರ ತನಕ ಜೋಡಿ ಜೋಡಿ ಇದೆ, ಕೇಬಲ್ ಮಷಿನ್ ನುಣ್ಣಗೆ ಎಳೆಯುತ್ತೆ. ಶೀಟ್ ಜಿಮ್ಮಲ್ಲಿ ಪ್ಲೇಟೆಲ್ಲ ತುಕ್ಕು, ಲ್ಯಾಟ್ ಪುಲ್‌ಡೌನ್ ಕೇಬಲ್ ಮೇಲಿನ ಪ್ಲಾಸ್ಟಿಕ್ ಕಿತ್ತೋಗಿ ಒಳಗಿನ ತಂತಿ ಎಳೆ ಎಳೆಯಾಗಿ ಕಾಣುತ್ತೆ, ಅಂಥದ್ರ ಕೆಳಗೆ ಕೂರ್ಬೇಡಿ, ಕಿತ್ರೆ ರಾಡ್ ನೇರ ತಲೆ ಮೇಲೇ. ಆದ್ರೆ ನನಗೆ ಅಲ್ಲಿ ಬೇರೆಯೇ ಒಂದು ಮೋಸ ಆಯ್ತು. ಎಸಿ ಜಿಮ್ಮಲ್ಲಿ ರಾಡಿಗೆ ಆಕಡೆ 20 ಈಕಡೆ 20 ಹಾಕಿ ಸ್ಕ್ವಾಟ್ ಮಾಡೋಕೆ ಒದ್ದಾಡ್ತಿದ್ದೋನು ಇಲ್ಲಿ ಮೊದಲ್ನೇ ದಿನ ಅದೇ ಪ್ಲೇಟ್ ಹಾಕಿ ಹೂವಿನ ಥರ ಎತ್ಬಿಟ್ಟೆ, ಏನ್ ತಾಕತ್ತು ಬಂತು ಅಂತ ಖುಷಿಯಾಗಿ ಸಂಜೆ ರಾಡನ್ನ ಕೈಯಲ್ಲಿ ಹಿಡ್ಕೊಂಡು ತೂಕದ ಮಷಿನ್ ಮೇಲೆ ನಿಂತು, ಆಮೇಲೆ ಬರೀ ನಾನೇ ನಿಂತು ಕಳೆದು ನೋಡಿದ್ರೆ ರಾಡ್ ಬರೀ 11 ಕೆಜಿ! ಆ ಜಿಮ್ಮಿಂದು ಏಳಡಿ ಒಲಿಂಪಿಕ್ ರಾಡ್, 20 ಕೆಜಿ. ಅಂದ್ರೆ ಅಲ್ಲಿ 60, ಇಲ್ಲಿ 51. ಜಿಮ್ ಬದಲಾಯಿಸೋರು ಮೊದ್ಲು ರಾಡ್ ತೂಕ ಕೇಳ್ಕೊಳಿ.

ಟ್ರೈನರ್ ವಿಷ್ಯಕ್ಕೆ ಬಂದ್ರೆ ಕಥೆ ಉಲ್ಟಾ. ಎಸಿ ಜಿಮ್ಮಲ್ಲಿ ಮೊದಲ್ನೇ ವಾರ ಪಕ್ಕದಲ್ಲೇ ನಿಂತು ಹೇಳ್ಕೊಟ್ರು, ಎರಡನೇ ವಾರ ಪರ್ಸನಲ್ ಟ್ರೈನಿಂಗ್ ತಗೊಳಿ ಸಾರ್ ಅಂದ್ರು, ನಾನು ಬೇಡ ಅಂದೆ, ಅವತ್ತಿಂದ ಹಾಯ್ ಸಾರ್ ಬಿಟ್ರೆ ಬೇರೆ ಮಾತಿಲ್ಲ. ಶೀಟ್ ಜಿಮ್ಮಲ್ಲಿ ಇರೋದು ಒಬ್ಬರೇ ಅಣ್ಣ, ಲೋವರ್ ಹಾಕ್ಕೊಂಡು ಟೀ ಕುಡೀತಾ ಕೂತಿರ್ತಾರೆ, ನೋಡ್ತಿಲ್ಲ ಅನ್ಕೋಬೇಕು. ಒಂದಿನ ನಾನು ಡೆಡ್‌ಲಿಫ್ಟ್ ಮಾಡ್ತಿರುವಾಗ ಲೋಟ ಕೆಳಗಿಟ್ಟು ಬಂದು ಏನೂ ಮಾತಾಡ್ದೆ ಎರಡೂ ಕಡೆಯಿಂದ ಹತ್ತತ್ತು ಕೆಜಿ ಬಿಚ್ಚಿ, ಸೊಂಟದ ಮೇಲೆ ಅಂಗೈ ಇಟ್ಟು, "ಇಲ್ಲಿ ಗೂನಾಗ್ತಿದೆ, ರಾಡ್ ಕಾಲಿಂದ ದೂರ ಹೋಗ್ತಿದೆ, ಮೊಣಕಾಲ ಕೆಳಗಿನ ಮೂಳೆಗೆ ತಾಗಿಸ್ಕೊಂಡೇ ಎತ್ತು" ಅಂದ್ರು. ಎರಡು ತಿಂಗಳಿಂದ ಕಾಡ್ತಿದ್ದ ಸೊಂಟ ನೋವು ಹತ್ತೇ ದಿನಕ್ಕೆ ಕಮ್ಮಿ ಆಯ್ತು.

ರಶ್ಶು. ಎಸಿ ಜಿಮ್ಮಲ್ಲಿ ಸಂಜೆ ಆರೂವರೆಯಿಂದ ಎಂಟೂವರೆ ತನಕ ಕಾಲೇಜು ಹುಡುಗ್ರು ಆಫೀಸಿನೋರು ಎಲ್ಲಾ ಒಟ್ಟಿಗೆ, ಸ್ಕ್ವಾಟ್ ರ್‍ಯಾಕ್ ಇರೋದು ಒಂದೇ. ಒಬ್ಬ ಐದು ಸೆಟ್ ಮಾಡಿ ಮಧ್ಯೆ ಮೂರ್ಮೂರು ನಿಮಿಷ ರೆಸ್ಟ್ ತಗೊಂಡ್ರೆ ಕಾಲು ಗಂಟೆ ಹೋಯ್ತು, ನಮ್ಮ ಮುಂದೆ ಇಬ್ಬರಿದ್ರೆ ಅರ್ಧ ಗಂಟೆ, ಅದೂ ಅವ್ನು ಮಧ್ಯೆ ರೀಲ್ಸ್ ನೋಡ್ದೇ ಇದ್ರೆ. ಸೇರೋ ಮುಂಚೆ ನಾನು ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನೋಡಿದ್ದೆ, ಖಾಲಿ ಇತ್ತು, ಅದೇ ತಪ್ಪಾಗಿದ್ದು. ಶೀಟ್ ಜಿಮ್ಮಲ್ಲಿ ಬೆಳಿಗ್ಗೆ ಆರಕ್ಕೆ ಏಳೆಂಟು ಜನ ಅಷ್ಟೇ.

ಇನ್ನು ಬಿಡೋ ವಿಷ್ಯ. ಶೀಟ್ ಜಿಮ್ಮಲ್ಲಿ ಮುಂದಿನ ತಿಂಗ್ಳು ದುಡ್ಡು ಕೊಡ್ಲಿಲ್ಲ ಅಂದ್ರೆ ಮುಗೀತು. ಎಸಿ ಜಿಮ್ಮಲ್ಲಿ ಕ್ಯಾನ್ಸಲ್ ಮಾಡಿ ಅಂದಾಗ ಫಾರಮ್ಮಿನ ಹಿಂದುಗಡೆ ತೋರ್ಸಿದ್ರು, ನಾನೇ ಸೈನ್ ಹಾಕಿರೋದು. ನಾನು ಒಂಬತ್ತು ತಿಂಗಳದ್ದು 9,000 ಬರುತ್ತೆ ಅನ್ಕೊಂಡಿದ್ದೆ. ಬಿಟ್ಟೋದ್ರೆ ಆಫರ್ ರೇಟ್ ಇಲ್ವಂತೆ, ಮುಗಿದ ಮೂರು ತಿಂಗಳಿಗೆ 2,500ರ ಲೆಕ್ಕದಲ್ಲಿ 7,500 ಮುರ್ಕೋತಾರಂತೆ, ಮೇಲೆ ಕಟ್ಟಿದ್ದರಲ್ಲಿ ನೂರಕ್ಕೆ 20 ಅಂತ 2,400, ಕೈಗೆ ಬರೋದು 2,100. ಫ್ರೀಜ್ ಕೇಳಿದ್ರೆ ವರ್ಷಕ್ಕೆ ಒಂದೇ ಸಲ, 30 ದಿನ, ಅದೂ ಮುಂಚೇನೇ ಬರ್ಕೊಡ್ಬೇಕು, ಜ್ವರ ಬಂದು ಮಲಗಿದ್ದ ಹತ್ತು ದಿನ ಲೆಕ್ಕಕ್ಕಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡು ಅಂತ ಭಾವ ಹೇಳಿದ್ರು, ಕೊಡ್ಬೋದಿತ್ತು, ಆದ್ರೆ ಅದೇ ಫಾರಮ್ಮಲ್ಲಿ ಆರು ತಿಂಗಳಿಗಿಂತ ಜಾಸ್ತಿ ಬಾಕಿ ಇದ್ರೆ ಬೇರೆಯವ್ರ ಹೆಸರಿಗೆ ಟ್ರಾನ್ಸ್‌ಫರ್, 1,500 ಚಾರ್ಜು ಅಂತ ಒಂದು ಸಾಲಿತ್ತು.

ನಮ್ಮ ಆಫೀಸಲ್ಲಿ ಕ್ಯಾತ್ಸಂದ್ರದ ಹುಡುಗ ಒಬ್ಬ ಇದಾನೆ, ಸೆಕೆಂಡ್ ಶಿಫ್ಟು, ಬೆಳಿಗ್ಗೆ ಹತ್ತಕ್ಕೆ ಹೋಗ್ತೀನಿ ಅಂದ, ಆ ಹೊತ್ತಲ್ಲಿ ರ್‍ಯಾಕ್ ಖಾಲಿ. 7,000ಕ್ಕೆ ಒಪ್ಕೊಂಡ, ಚಾರ್ಜ್ ನಾನೇ ಕಟ್ತೀನಿ, 5,500 ಉಳಿಯುತ್ತೆ. ಸೋಮವಾರ ಇಬ್ರೂ ಆಧಾರ್ ಹಿಡ್ಕೊಂಡು ಹೋಗ್ಬೇಕು.